ಒಂದನೇ ಹಂತದ ವಿವರಣೆ

ನಂಜನಗೂಡಿನ ಹಿಂಡಿ ಬೂಸಾ ವ್ಯಾಪಾರಿ ದೊಡ್ಡಸಿದ್ದಯ್ಯನವರ ಕಿರಿಯ ಮಗ ನಂಜುಂಡೇಶನಿಗೆ ಏನೂ ಬರುವುದಿಲ್ಲ ಎಂದು ಊರಿನವರು ಹೇಳುತ್ತಿದ್ದರು. ಅದು ಅನ್ಯಾಯದ ಮಾತು. ಕೆಲಸ ನಡೆಯುವ ಜಾಗದಲ್ಲಿ ಕೆಲಸ ಮಾಡದೆ ಇರುವುದು ಹೇಗೆ ಎಂಬುದು ಅವನಿಗೆ ಬಂದಷ್ಟು ಚೆನ್ನಾಗಿ ಆ ತಾಲ್ಲೂಕಿನಲ್ಲಿ ಇನ್ನೊಬ್ಬರಿಗೆ ಬರುತ್ತಿರಲಿಲ್ಲ.

ನೆಂಟರ ಮದುವೆಗಳಲ್ಲಿ ಅವನು ಪಂಚೆ ಎತ್ತಿ ಕಟ್ಟಿ, ಟವಲು ಸೊಂಟಕ್ಕೆ ಬಿಗಿದು, ಸಾಂಬಾರಿನ ಬಕೆಟ್ಟು ಹಿಡಿದು ಪಂಕ್ತಿಯ ಉದ್ದಕ್ಕೂ ಓಡಾಡುತ್ತಿದ್ದ. ನೋಡಿದವರಿಗೆಲ್ಲ ಹುಡುಗ ಬೆವರು ಸುರಿಸುತ್ತಿದ್ದಾನೆ ಅನ್ನಿಸುತ್ತಿತ್ತು. ಬಕೆಟ್ಟು ಮಾತ್ರ ತುಂಬಿದ್ದು ತುಂಬಿದ ಹಾಗೆಯೇ ಅಡುಗೆಮನೆಗೆ ವಾಪಸು ಬರುತ್ತಿತ್ತು. ಡಿಗ್ರಿ ಮುಗಿಸಿದ ಮೇಲೆ ತಾಂಡ್ಯದ ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಆರು ಜನರ ತಂಡದಲ್ಲಿ ಎರಡು ವರ್ಷ ಇದ್ದ. 'ನಮ್ಮ ತಂಡ ಇವತ್ತು ನಾನೂರು ಪೆಟ್ಟಿಗೆ ಕಟ್ಟಿತು' ಎಂದು ಮನೆಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದ. ಹೊಸ ಸೂಪರ್‌ವೈಸರ್ ಬಂದು ತಂಡ ಒಡೆದು, ಒಬ್ಬೊಬ್ಬರಿಗೆ ಒಂದೊಂದು ಮೇಜು ಕೊಟ್ಟು, ಸಂಜೆ ಯಾರ ಮೇಜಿನ ಮೇಲೆ ಎಷ್ಟು ಪೆಟ್ಟಿಗೆ ಎಂದು ನೋಡತೊಡಗಿದ ವಾರವೇ ನಂಜುಂಡೇಶ ಬೆನ್ನುನೋವೆಂದು ಕೆಲಸ ಬಿಟ್ಟ.

ಮನೆಯಲ್ಲಿ ಉಳಿದರೆ ಅಂಗಡಿಯಲ್ಲಿ ಕೂರಬೇಕಾಗುತ್ತಿತ್ತು. ಅಂಗಡಿ ನೋಡಿಕೊಳ್ಳುತ್ತಿದ್ದುದು ಅಣ್ಣ ಅಮೃತೇಶ್. ಅವನು ಬೆಳಗ್ಗೆ ಆರಕ್ಕೆ ಬಾಗಿಲು ತೆರೆಯುವ, ಮೂಟೆ ತಾನೇ ಹೊರುವ, ತಮ್ಮನನ್ನು ಕಂಡರೆ ಹಲ್ಲು ಕಡಿಯುವ ಮನುಷ್ಯ. ಅವನ ಕೈಕೆಳಗೆ ಬಾಳುವೆ ಮಾಡುವುದನ್ನು ನೆನೆದರೇ ನಂಜುಂಡೇಶನಿಗೆ ಜ್ವರ ಬರುತ್ತಿತ್ತು. ತಾಯಿ ಚನ್ನಾಜಮ್ಮ ಗಂಡನನ್ನು ಕಾಡಿ ಬೇಡಿ, ಎರಡು ಸಾವಿರದ ಐದರಲ್ಲಿ ಮಗನನ್ನು ಟಿ. ನರಸೀಪುರದ ಒಂದು ಖಾಸಗಿ ಬಿ.ಎಡ್. ಕಾಲೇಜಿಗೆ ಸೇರಿಸಿದರು. ಆಗ ಬಿ.ಎಡ್. ಒಂದೇ ವರ್ಷ.

"ಒಂದೇ ವರ್ಸ ಕಣ್ಲಾ," ಎಂದರು ದೊಡ್ಡಸಿದ್ದಯ್ಯ. "ಪಾಸಾದ್ರೆ ಮೇಷ್ಟ್ರು. ವರ್ಸ ಓಯ್ತಾ, ಮಾರನೇ ದಿನದಿಂದ ಬೂಸದ ಅಂಗ್ಡಿ. ಆಮೇಲೆ ನಿಮ್ಮವ್ವನ್ನ ಮುಂದಿಟ್ಕೊಂಡು ಬರಬ್ಯಾಡ."

ನಂಜುಂಡೇಶನಿಗೆ ಕಾಲೇಜು ಬಹಳ ಹಿಡಿಸಿತು. ಅಲ್ಲಿ ಎಲ್ಲವೂ ಗುಂಪಿನಲ್ಲೇ ನಡೆಯುತ್ತಿತ್ತು. ಹಿಡಿಸದೆ ಇದ್ದದ್ದು ಒಂದೇ, ಮೌಲ್ಯಮಾಪನ ಎಂಬ ಪತ್ರಿಕೆ ಮತ್ತು ಅದನ್ನು ಕಲಿಸುತ್ತಿದ್ದ ಚಾಮುಂಡಮ್ಮ ಮೇಡಂ. ಮೇಡಂ ಕುಳ್ಳಗೆ, ಮೆತ್ತನೆಯ ದನಿಯವರು. ಗದರಿದ್ದನ್ನು ಯಾರೂ ಕೇಳಿದ್ದಿಲ್ಲ, ಅಂಕ ಬಿಟ್ಟುಕೊಟ್ಟದ್ದನ್ನೂ ಯಾರೂ ನೋಡಿದ್ದಿಲ್ಲ. ಆ ಪತ್ರಿಕೆಗೆ ಇಪ್ಪತ್ತು ಅಂಕದ ಮೂರು ಅಸೈನ್‌ಮೆಂಟು. ಅರವತ್ತಕ್ಕೆ ಮೂವತ್ತಾದರೂ ಬರದಿದ್ದರೆ ಪರೀಕ್ಷೆಗೆ ಕೂರಿಸುವಂತಿಲ್ಲ, ಮುಂದಿನ ವರ್ಷದವರ ಜೊತೆ ಮತ್ತೆ ಮೊದಲಿಂದ ಬರಬೇಕು. ಮೊದಲ ಎರಡು ಅಸೈನ್‌ಮೆಂಟನ್ನು ಒಬ್ಬೊಬ್ಬರೇ ಬರೆಯಬೇಕಿತ್ತು. ನಂಜುಂಡೇಶನಿಗೆ ಏಳು ಮತ್ತು ಏಳು ಬಂದಿತ್ತು. ಮೂರನೆಯದರಲ್ಲಿ ಹದಿನಾರು ಬರದಿದ್ದರೆ ಬೂಸದ ಅಂಗಡಿಯೇ ಗತಿ.

ಮೂರನೆಯದು ಗುಂಪಿನ ಕೆಲಸ ಎಂದು ಗೊತ್ತಾದ ದಿನ ಅವನು ಸ್ಟ್ಯಾಂಡಿನ ಹೋಟೆಲಿನಲ್ಲಿ ಎರಡು ಮಸಾಲೆ ದೋಸೆ ತಿಂದ.

"ಎಂಟನೇ ಕ್ಲಾಸಿನ ಮಕ್ಕಳು ಗುಂಪಾಗಿ ತಮ್ಮೂರಿನ ಕುಡಿಯೋ ನೀರಿನ ಮೇಲೆ ಒಂದು ಪ್ರಾಜೆಕ್ಟ್ ಮಾಡ್ತಾರೆ ಅಂತಿಟ್ಕೊಳ್ಳಿ," ಎಂದರು ಮೇಡಂ. "ನಾವು ಏನು ಮಾಡ್ತೀವಿ? ಚಾರ್ಟ್ ನೋಡಿ ಇಡೀ ಗುಂಪಿಗೆ ಹದಿನೆಂಟು ಹಾಕ್ತೀವಿ. ಮನೆಮನೆಗೆ ಹೋಗಿ ಕೇಳ್ಕೊಂಡು ಬಂದೋಳಿಗೂ ಹದಿನೆಂಟು, ಚಾರ್ಟಿನ ಅಂಚು ಹಿಡ್ಕೊಂಡು ನಿಂತೋನಿಗೂ ಹದಿನೆಂಟು. ಯಾವುದಕ್ಕೆ ಎಷ್ಟು ಅಂಕ, ಯಾಕೆ ಅಷ್ಟು ಅಂತ ಮಕ್ಕಳಿಗೆ ಮೊದಲೇ ಗೊತ್ತಾಗೋ ಹಾಗೆ ಒಂದು ರೂಬ್ರಿಕ್ ಮಾಡ್ಕೊಂಡು ಬನ್ನಿ. ಐದು ಮಾನದಂಡ, ಒಂದೊಂದಕ್ಕೂ ನಾಲ್ಕು ಹಂತ. ಒಂದನೇದು ಎಲ್ಲಕ್ಕಿಂತ ಕೆಳಗಿನದು, ಎಷ್ಟನೇ ಹಂತವೋ ಅಷ್ಟು ಅಂಕ. ಪ್ರತಿ ಹಂತದಲ್ಲೂ ಮಗು ಏನು ಮಾಡಿರುತ್ತೆ ಅನ್ನೋ ವಿವರಣೆ. ಯಾರು ಯಾವತ್ತು ಏನು ಮಾಡಿದ್ರಿ ಅಂತ ಒಂದು ದಿನಚರೀನೂ ಇಡಿ."

ಗುಂಪಿನ ಕೆಲಸಕ್ಕೆ ನ್ಯಾಯವಾಗಿ ಅಂಕ ಕೊಡುವ ಬಗೆಯನ್ನು ಗುಂಪಾಗಿ ಮಾಡಿಕೊಂಡು ಬರಬೇಕು. ಇದರಲ್ಲಿ ಏನೋ ಮಸಲತ್ತಿದೆ ಎಂದು ನಂಜುಂಡೇಶನಿಗೆ ಹೊಳೆಯಲಿಲ್ಲ. ಮೇಡಂ ಮುಖದಲ್ಲೂ ಏನೂ ಕಾಣಲಿಲ್ಲ.

ಹಾಜರಿ ಪುಸ್ತಕದ ಪ್ರಕಾರ ಬಿದ್ದ ಗುಂಪಿನಲ್ಲಿ ನಾಲ್ಕು ಜನ. ಸೋಸಲೆಯ ಪಲ್ಲವಿ, ಯಾವ ಕೆಲಸವನ್ನೂ ಇನ್ನೊಬ್ಬರ ಕೈಗೆ ಬಿಟ್ಟು ಗೊತ್ತಿಲ್ಲದ ಹುಡುಗಿ. ಕವಲಂದೆಯ ದೇವರಾಜು, ದೊಡ್ಡ ದನಿ, ದೊಡ್ಡ ಮನಸ್ಸು. ಮುತ್ತಿನಂಥ ಅಕ್ಷರದ ಶ್ವೇತ. ಮತ್ತೆ ನಮ್ಮ ನಂಜುಂಡೇಶ. ಪಲ್ಲವಿ ಮೊದಲ ದಿನವೇ ಕೆಲಸ ನಾಲ್ಕು ಪಾಲು ಮಾಡಿದಳು. ನಂಜುಂಡೇಶನ ಪಾಲಿಗೆ ಎರಡು ಮಾನದಂಡ ಬಂದವು. ಅವನು ಖುಷಿಯಿಂದ ಒಪ್ಪಿಕೊಂಡು, ಮುಂದಿನ ಎರಡು ಭೇಟಿಗೆ ಬರಲಿಲ್ಲ. ಅವನ ಎರಡು ಮಾನದಂಡವನ್ನೂ ಪಲ್ಲವಿಯೇ ಬರೆದಳು. ಶ್ವೇತ ಅದನ್ನು ಚಾರ್ಟಿಗೆ ಇಳಿಸಿ ಸುತ್ತ ಬಳ್ಳಿ ಬಿಡಿಸಿದಳು. ದೇವರಾಜು ಅದನ್ನು ಬಸ್ಸಿನಲ್ಲಿ ಸುಕ್ಕಾಗದ ಹಾಗೆ ತಂದ. ಒಪ್ಪಿಸುವ ದಿನ ನಂಜುಂಡೇಶ ಮನೆಯಿಂದ ಒಂದು ಡಬ್ಬಿ ಕಜ್ಜಾಯ ತಂದು ಎಲ್ಲರಿಗೂ ಹಂಚಿದ.

ಮೇಡಂ ಕಜ್ಜಾಯ ತಿನ್ನಲಿಲ್ಲ. ಚಾರ್ಟನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು. ನಾಲ್ಕು ಹಂತಗಳಲ್ಲಿ 'ಅತ್ಯುತ್ತಮ ಮಾಹಿತಿ, ಉತ್ತಮ ಮಾಹಿತಿ, ಸಾಧಾರಣ ಮಾಹಿತಿ, ಕಳಪೆ ಮಾಹಿತಿ' ಎಂದು ಬರೆದಿತ್ತು.

"ಪಲ್ಲವಿ, ಉತ್ತಮ ಅಂದ್ರೆ ಕಣ್ಣಿಗೆ ಏನು ಕಾಣುತ್ತೆ?"

ಪಲ್ಲವಿ ತಡವರಿಸಿದಳು. ಅವಳು ತಡವರಿಸಿದ್ದು ಆ ವರ್ಷದಲ್ಲಿ ಅದೇ ಮೊದಲು.

"ನಿಮಗೆ ಉತ್ತಮ ಅನ್ನಿಸಿದ್ದು ನನಗೆ ಸಾಧಾರಣ ಅನ್ನಿಸಬಹುದು. ಐದು ಮನೆಗೆ ಹೋಗಿ ಕೇಳಿದ್ದಾರೆ, ಯಾರನ್ನ ಕೇಳಿದ್ದು ಅಂತ ಬರೆದಿದ್ದಾರೆ ಅಂದ್ರೆ ಅದು ಇಬ್ಬರಿಗೂ ಒಂದೇ ಥರ ಕಾಣುತ್ತೆ. ಇದೇನು, ವಿನಯಕ್ಕೆ ನಾಲ್ಕು ಅಂಕ?"

"ನಾ ಯೋಳಿದ್ದು ಮೇಡಂ," ಎಂದ ದೇವರಾಜು. "ಮಕ್ಕಳು ಕೈಕಟ್ಕೊಂಡು ನಿಂತ್ಕಬೇಕಲ್ವಾ."

"ಕೈ ಕಟ್ಟಿದ್ರೆ ನೀರಿನ ಬಗ್ಗೆ ತಿಳ್ಕೊಂಡ ಹಾಗಾಯ್ತಾ? ಥರ್ಮಕೋಲ್ ಮಾಡೆಲಿಗೆ ನಾಲ್ಕು. ಥರ್ಮಕೋಲ್ ಕೊಡಿಸೋಕೆ ಆಗದ ಮನೆಯ ಮಗು ಏನು ಮಾಡಬೇಕು? ಎಲ್ಲಕ್ಕಿಂತ ಮುಖ್ಯವಾದದ್ದು, ಇದರಲ್ಲಿ ಒಬ್ಬೊಬ್ಬ ಮಗು ಏನು ಮಾಡಿತು ಅನ್ನೋಕೆ ಜಾಗಾನೇ ಇಲ್ಲ. ಗುಂಪಿನ ಕೆಲಸಕ್ಕೆ ಹನ್ನೆರಡು ಇಡಿ, ಒಬ್ಬೊಬ್ಬರದ್ದಕ್ಕೆ ಎಂಟು ಇಡಿ. ನಿಮಗೂ ನಾನು ಹಾಗೇ ಅಂಕ ಹಾಕೋದು. ಹದಿನೈದು ದಿನ ಕೊಡ್ತೀನಿ."

ಹೊರಗೆ ಬಂದ ಮೇಲೆ ಪಲ್ಲವಿಯ ಸಿಟ್ಟು ಯಾರ ಮೇಲಾದರೂ ಇಳಿಯಬೇಕಿತ್ತು. ಸರಿಯಾದ ಮನುಷ್ಯನ ಮೇಲೆಯೇ ಇಳಿಯಿತು. "ನಂಜುಂಡೇಶ್, ಒಬ್ಬೊಬ್ಬರ ಪಾಲು ಅನ್ನೋ ಮಾನದಂಡದಲ್ಲಿ ಒಂದನೇ ಹಂತ ನೀವು ಬರೀರಿ. ಏನೂ ಮಾಡದೇ ಇರೋರು ಹೆಂಗಿರ್ತಾರೆ ಅಂತ ನಮಗೆ ಗೊತ್ತಿಲ್ಲ."

ಬೇರೆ ಯಾರಾದರೂ ಆಗಿದ್ದರೆ ನೊಂದುಕೊಳ್ಳುತ್ತಿದ್ದರು. ನಂಜುಂಡೇಶ ನೊಂದುಕೊಂಡದ್ದು ಬಸ್ಸು ಊರು ದಾಟುವ ತನಕ ಮಾತ್ರ. ಆಮೇಲೆ ಕಿಟಕಿ ಪಕ್ಕ ಜಾಗ ಸಿಕ್ಕಿತು, ಕೂತ, ನೋಟುಬುಕ್ಕು ತೆರೆದ. ತೆರೆದದ್ದೇ ತಡ, ಇಪ್ಪತ್ತಾರು ವರ್ಷದ ಅನುಭವ ಪೆನ್ನಿನಲ್ಲಿ ಇಳಿಯತೊಡಗಿತು.

'ಏನು ಮಾಡಿದೆ ಎಂದು ಕೇಳಿದರೆ "ನಾವು ಮಾಡಿದೆವು" ಎನ್ನುತ್ತಾನೆ, "ನಾನು ಇದನ್ನು ಮಾಡಿದೆ" ಎಂದು ಒಂದನ್ನೂ ತೋರಿಸಲಾರ. ದಿನಚರಿಯಲ್ಲಿ ಅವನ ಹೆಸರಿದೆ, ಹೆಸರಿನ ಮುಂದೆ ಕೆಲಸವಿಲ್ಲ. ಅವನ ಪಾಲನ್ನು ಬೇರೆಯವರು ಮಾಡಿದ್ದಾರೆ. ಮಂಡಿಸುವ ದಿನ ಎಲ್ಲರಿಗಿಂತ ಮುಂಚೆ ಬಂದಿರುತ್ತಾನೆ.' ಕೊನೆಯ ವಾಕ್ಯ ಸತ್ಯವಾದರೂ ಅಂಕಕ್ಕೆ ಸಂಬಂಧಿಸಿದ್ದಲ್ಲ ಎಂದು ಅವನಿಗೇ ಅನ್ನಿಸಿ ಹೊಡೆದುಹಾಕಿದ. ಹಾಗೆ ಹೊಡೆದುಹಾಕಿದ್ದು ಅವನಿಗೇ ಆಶ್ಚರ್ಯವಾಯಿತು.

ಬಸ್ಸು ನಂಜನಗೂಡು ಸ್ಟ್ಯಾಂಡಿಗೆ ಬಂದಾಗ ಅವನು ಇಳಿಯುವುದನ್ನು ಮರೆತು ಬರೆಯುತ್ತಿದ್ದ. ಕಂಡಕ್ಟರ್ ಬಂದು ಭುಜ ಅಲ್ಲಾಡಿಸಬೇಕಾಯಿತು.

ಮರುದಿನ ಗುಂಪಿಗೆ ಅದನ್ನು ಓದಿ ತೋರಿಸಿ ಅವನು ಇನ್ನೊಂದು ಮಾತು ಹೇಳಿದ. "ನೋಡಿ, ಈ ಒಂದನೇ ಹಂತದೋನು ಎರಡನೇ ಹಂತಕ್ಕೆ ಬರಬೇಕಾದ್ರೆ ಕಮ್ಮಿ ಅಂದ್ರೆ ಏನು ಮಾಡಬೇಕು? ಹೇಳಿಸ್ಕೊಂಡಾದ್ರೂ ಒಂದು ಕೆಲಸ ಮಾಡಿರಬೇಕು. ಅಲ್ಲಿಂದ ಮೂರಕ್ಕೆ? ತನ್ನ ಪಾಲನ್ನ ತಾನೇ ಹೊತ್ತಿಗೆ ಸರಿಯಾಗಿ ಮುಗಿಸಿರಬೇಕು. ನಾಲ್ಕಕ್ಕೆ? ತನ್ನದು ಮುಗಿಸಿ, ಇನ್ನೊಬ್ಬರ ಪಾಲೂ ಚೆನ್ನಾಗಿ ಆಗೋ ಹಾಗೆ ಏನಾದ್ರೂ ಮಾಡಿರಬೇಕು. ಮೇಲಿಂದ ಇಳಿದ್ರೆ ಉತ್ತಮ, ಸಾಧಾರಣ ಅಂತ ಬರೀ ಮಾತು ಬರುತ್ತೆ. ಕೆಳಗಿಂದ ಹತ್ತಿದ್ರೆ ಕೆಲಸ ಕಾಣುತ್ತೆ."

ಪಲ್ಲವಿ ಅವನ ನೋಟುಬುಕ್ಕನ್ನು ತನ್ನ ಕಡೆ ಎಳೆದುಕೊಂಡಳು. ಉಳಿದ ನಾಲ್ಕು ಮಾನದಂಡವನ್ನೂ ಅದೇ ಬಗೆಯಲ್ಲಿ ತಿದ್ದಲು ಕೂತಳು. ಮಾಹಿತಿ ಸಂಗ್ರಹ, ಮಾಹಿತಿಯಿಂದ ತಿಳಿದದ್ದು, ಮಂಡನೆ, ಈ ಮೂರೂ ಗುಂಪಿಗೆ. ಒಬ್ಬೊಬ್ಬರ ಪಾಲು, ಬಾಯಿಮಾತಿನ ಪ್ರಶ್ನೆಗೆ ಉತ್ತರ, ಇವೆರಡೂ ಒಬ್ಬೊಬ್ಬರಿಗೆ. ಅಷ್ಟು ಹೇಳಿ ನಂಜುಂಡೇಶ ಮತ್ತೆ ಎರಡು ಭೇಟಿ ತಪ್ಪಿಸಿದ. ಹುಟ್ಟುಗುಣ ಒಂದು ವಾರಕ್ಕೆ ಹೋಗುವುದಿಲ್ಲ.

ಎರಡನೆಯ ಸಲ ಮೇಡಂ ಚಾರ್ಟನ್ನು ತರಗತಿಗೆ ಓದಿ ಹೇಳಿದರು. ಒಂದನೇ ಹಂತದ ವಿವರಣೆಗೆ ಬಂದಾಗ ಹಿಂದಿನ ಬೆಂಚುಗಳಲ್ಲಿ ನಗು ಎದ್ದಿತು, ನಾಲ್ಕೈದು ಜನ ತಲೆ ತಗ್ಗಿಸಿದರು. ಮೇಡಂ ಕೂಡ ತುಟಿಯಂಚಿನಲ್ಲಿ ನಕ್ಕರು.

"ಇದನ್ನ ಯಾರು ಬರೆದದ್ದು?"

"ನಾವೆಲ್ಲ ಸೇರಿ ಬರ್ದಿದ್ದು ಮೇಡಂ," ಎಂದ ದೇವರಾಜು, ದೊಡ್ಡ ದನಿಯಲ್ಲಿ, ದೊಡ್ಡ ಮನಸ್ಸಿನಿಂದ.

ನಂಜುಂಡೇಶನಿಗೆ ಅದು ಸರಿಬರಲಿಲ್ಲ. ನಾನು ಬರೆದದ್ದು ಎಂದು ಬಾಯಿಗೆ ಬಂತು, ಹೊರಗೆ ಬರಲಿಲ್ಲ. ಆ ಮಾತು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ. ಮೂರು ವರ್ಷದ ಹಿಂದೆ ತಾಂಡ್ಯದಲ್ಲಿ ಪಕ್ಕದಲ್ಲೇ ಪೆಟ್ಟಿಗೆ ಕಟ್ಟುತ್ತಿದ್ದವನಿಗೂ ಹೀಗೇ ಆಗಿತ್ತೇನೋ ಎಂದು ಅಂದುಕೊಂಡ, ನಾಚಿಕೆಯಾಯಿತು.

ಗುಂಪಿನ ಹನ್ನೆರಡಕ್ಕೆ ಮೇಡಂ ಹತ್ತು ಕೊಟ್ಟರು. ಮಂಡನೆಯ ಎರಡನೇ ಹಂತಕ್ಕೂ ಮೂರನೇ ಹಂತಕ್ಕೂ 'ಸ್ವಲ್ಪ' ಎಂಬ ಪದವೊಂದೇ ವ್ಯತ್ಯಾಸ, ಸ್ವಲ್ಪ ಎಂದರೆ ಎಷ್ಟು ಎಂದು ಎರಡು ಅಂಕ ಕಳೆದರು. ಆಮೇಲೆ ಒಬ್ಬೊಬ್ಬರನ್ನೇ ಕರೆದು ಪ್ರಶ್ನೆ ಕೇಳಿದರು. ಗುಂಪಿನದ್ದು, ಒಬ್ಬೊಬ್ಬರದ್ದು ಬೇರೆ ಮಾಡಬೇಕು ಯಾಕೆ ಎಂದಾಗ ನಂಜುಂಡೇಶ ಮದುವೆ ಮನೆಯ ಸಾಂಬಾರಿನ ಬಕೆಟ್ಟಿನ ಕತೆಯನ್ನೇ ಹೇಳಿದ. ರೂಬ್ರಿಕ್ಕನ್ನು ಮಕ್ಕಳಿಗೆ ಮೊದಲೇ ಯಾಕೆ ಕೊಡಬೇಕು ಎಂದಾಗ "ಆಮೇಲೆ ಜಗಳ ಆಡಬಾರದು ಅಂತ" ಎಂದ. ಯಾವುದರ ಕಡೆ ದುಡಿಯಬೇಕು ಎಂದು ಮಕ್ಕಳಿಗೆ ತಿಳಿಯಲಿ ಎಂಬುದು ಹೊಳೆಯಲಿಲ್ಲ. ನಾಲ್ಕಕ್ಕೆ ಮೂರು. ಈಗ ಹದಿಮೂರು ಆಗಿತ್ತು. ಇನ್ನು ಮೂರು ಬೇಕಿತ್ತು.

ಉಳಿದದ್ದು ಒಬ್ಬೊಬ್ಬರ ಪಾಲು. ಮೇಡಂ ಎಲ್ಲರ ಕೈಗೂ ಚೀಟಿ ಕೊಟ್ಟರು. "ನೀವು ಮಾಡಿದ ರೂಬ್ರಿಕ್ಕಿನಲ್ಲೇ ನಿಮ್ಮನ್ನೂ ಸೇರಿಸಿ ನಾಲ್ಕು ಜನಕ್ಕೂ ಅಂಕ ಹಾಕಿ. ಯಾರೂ ಯಾರದ್ದೂ ನೋಡಬಾರದು. ಪ್ರತಿ ಅಂಕಕ್ಕೂ ದಿನಚರಿಯಿಂದ ಸಾಕ್ಷಿ ಬರೀಬೇಕು."

ದೇವರಾಜು, ಶ್ವೇತ ಎಲ್ಲರಿಗೂ ನಾಲ್ಕು ನಾಲ್ಕು ಹಾಕಿ ಸಾಕ್ಷಿಯ ಜಾಗದಲ್ಲಿ 'ಎಲ್ಲರೂ ಸಹಕರಿಸಿದ್ದಾರೆ' ಎಂದು ಬರೆದರು. ಮೇಡಂ ಆ ಎರಡು ಚೀಟಿ ಪಕ್ಕಕ್ಕಿಟ್ಟರು. ನಂಜುಂಡೇಶ ಲೆಕ್ಕ ಹಾಕಿ ತನಗೆ ಮೂರು ಕೊಟ್ಟುಕೊಂಡು, 'ನನ್ನ ಪಾಲಿಗೆ ಬಂದ ಒಂದನೇ ಹಂತದ ವಿವರಣೆಯನ್ನು ಮರುದಿನವೇ ಮುಗಿಸಿಕೊಟ್ಟೆ' ಎಂದು ಬರೆದಿದ್ದ. ಸುಳ್ಳೇನಲ್ಲ. ಪಲ್ಲವಿ ಅವನಿಗೆ ಎರಡು ಹಾಕಿದ್ದಳು. 'ಆರು ಭೇಟಿಯಲ್ಲಿ ನಾಲ್ಕಕ್ಕೆ ಬಂದಿಲ್ಲ, ತಿಳಿಸಿಯೂ ಇಲ್ಲ. ಮೊದಲ ಪಾಲನ್ನು ನಾನು ಬರೆದೆ. ಆದರೆ ಒಂದನೇ ಹಂತದ ಮಾತುಗಳೆಲ್ಲ ಅವರದೇ. ಅವು ಇಲ್ಲದಿದ್ದರೆ ನಮ್ಮ ಚಾರ್ಟು ಎರಡನೇ ಸಲವೂ ವಾಪಸು ಬರುತ್ತಿತ್ತು.' ಅದೂ ಸುಳ್ಳಲ್ಲ.

ಮೇಡಂ ಎರಡು ಚೀಟಿಯನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. "ಒಬ್ಬ ಮನುಷ್ಯನ್ನ, ಒಂದೇ ದಿನಚರೀನ ನೋಡಿ ಇಬ್ಬರು ಎರಡು ಥರ ಅಂಕ ಹಾಕಿದ್ರೆ, ಮೊದಲು ಅನುಮಾನ ಪಡಬೇಕಾದ್ದು ವಾಕ್ಯದ ಮೇಲೆ. ಮೂರನೇ ಹಂತದಲ್ಲಿ ತನ್ನ ಪಾಲು ತಾನೇ ಮುಗಿಸಿರಬೇಕು ಅಂತಿದೆ. ಬರದೇ ಇದ್ದ ದಿನಗಳನ್ನ ಏನು ಮಾಡಬೇಕು ಅಂತ ಇಲ್ಲ. ತಿದ್ದಿ. ತಿದ್ದಿದ ವಾಕ್ಯದ ಪ್ರಕಾರ ಅಂಕ."

"ಅವರೇ ತಿದ್ದಲಿ ಮೇಡಂ," ಎಂದಳು ಪಲ್ಲವಿ. "ಆ ವಾಕ್ಯ ಅವರದು."

"ಅರ್ಧ ಗಂಟೆ," ಎಂದರು ಮೇಡಂ, ನಂಜುಂಡೇಶನ ಕಡೆಗೆ ಕೆಂಪು ಪೆನ್ನು ನೀಡಿ.

ತನ್ನ ವರ್ಷ ಉಳಿಯುತ್ತದೋ ಹೋಗುತ್ತದೋ ಎಂಬುದನ್ನು ತೀರ್ಮಾನಿಸುವ ವಾಕ್ಯವನ್ನು ತಾನೇ ಬರೆಯಬೇಕಾಗಿ ಬಂದ ನಂಜುಂಡೇಶ ವರಾಂಡದಲ್ಲಿ ಹೋಗಿ ಕೂತ. ದೇವರಾಜು ಹಿಂದೆಯೇ ಬಂದ.

"ಲೇ, ಬರದೇ ಇದ್ದ ದಿನ ಲೆಕ್ಕಕ್ಕಿಲ್ಲ ಅಂತ ಬರ್ದು ಬಿಸಾಕ್ಲಾ. ಮೂರು ಬತ್ತದೆ, ಪಾಸಾಯ್ತೀಯ. ನಮ್ಮೂರಲ್ಲಿ ನಾಟಿ ಟೈಮಲ್ಲಿ ಯಾವ ಹೈದ ಇಸ್ಕೂಲಿಗೆ ಬತ್ತಾನೆ? ಅವ್ನಿಗೆ ಮಾರ್ಕ್ಸ್ ಕಳೆಯೋದು ನ್ಯಾಯನಾ?"

ಕಷ್ಟ ಏನೆಂದರೆ ದೇವರಾಜು ಹೇಳಿದ್ದು ಸರಿಯಾಗಿತ್ತು. ಗದ್ದೆಗೆ ಹೋಗಲೇಬೇಕಾದ ಮಗುವಿಗೆ, ತಂಗಿಯನ್ನು ಎತ್ತಿಕೊಂಡು ಮನೆಯಲ್ಲಿರುವ ಮಗುವಿಗೆ ಬರದ ದಿನದ ಲೆಕ್ಕ ಹಾಕಿ ಅಂಕ ಕಳೆಯುವುದು ಅನ್ಯಾಯ. ಹಾಗೆ ಬರೆದರೆ ಮೇಡಂ ಮೆಚ್ಚುತ್ತಿದ್ದರು, ತನ್ನ ವರ್ಷವೂ ಉಳಿಯುತ್ತಿತ್ತು. ನಂಜುಂಡೇಶ ಅರ್ಧ ವಾಕ್ಯ ಬರೆದೂ ಬಿಟ್ಟ. ಆಮೇಲೆ, ಆ ಮಗುವಿನ ಮೇಲೆ ತನಗೆ ಇದ್ದಕ್ಕಿದ್ದಂತೆ ಇಷ್ಟೊಂದು ಪ್ರೀತಿ ಯಾಕೆ ಉಕ್ಕಿತು ಎಂದು ಅವನಿಗೇ ಗುಮಾನಿ ಬಂತು.

ದಿನಚರಿ ತಿರುವಿದ. ಐದನೇ ಭೇಟಿಗೆ ಪಲ್ಲವಿಯೂ ಬಂದಿರಲಿಲ್ಲ. ಗದ್ದೆಯಲ್ಲಿ ನಾಟಿ ಇತ್ತು. ಆದರೆ ಅವಳು ಬೆಳಗಿನ ಸೋಸಲೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಚೀಟಿ, ಜೊತೆಗೆ ತನ್ನ ಪಾಲಿನ ಎರಡು ಹಾಳೆ ಕಳಿಸಿದ್ದಳು. ದೇವರಾಜು ಸ್ಟ್ಯಾಂಡಿಗೆ ಹೋಗಿ ಇಸಿದುಕೊಂಡು ಬಂದಿದ್ದ. ಅವಳು ಬಂದಿರಲಿಲ್ಲ, ಅವಳ ಕೆಲಸ ಬಂದಿತ್ತು. ತಾನು ಆ ನಾಲ್ಕು ದಿನ ಎಲ್ಲಿದ್ದೆ ಎಂದು ನೆನಪಿಸಿಕೊಂಡ. ಎರಡು ದಿನ ನಿದ್ದೆ. ಒಂದು ದಿನ ಹೊಳೆಯಲ್ಲಿ ಈಜು. ಇನ್ನೊಂದು ದಿನ ಎಲ್ಲಿದ್ದೆ ಎಂಬುದೇ ಜ್ಞಾಪಕವಿರಲಿಲ್ಲ. ನಂಜನಗೂಡಿನಿಂದ ಬರುವ ಬಸ್ಸಿಗೂ ಕಂಡಕ್ಟರ್ ಇದ್ದ.

ಅರ್ಧ ವಾಕ್ಯ ಹೊಡೆದುಹಾಕಿ, ಮೂರನೇ ಹಂತಕ್ಕೆ ಹೀಗೆ ಬರೆದ: 'ತನ್ನ ಪಾಲಿಗೆ ಬಂದ ಎಲ್ಲ ಕೆಲಸವನ್ನೂ ಹೊತ್ತಿಗೆ ಮುಗಿಸಿದ್ದಾನೆ. ಬರಲಾಗದ ದಿನ ಮೊದಲೇ ತಿಳಿಸಿ ಕೆಲಸ ಕಳಿಸಿದ್ದರೆ ಅದು ಬಂದಂತೆಯೇ ಲೆಕ್ಕ.' ಎರಡನೇ ಹಂತಕ್ಕೆ: 'ಒಂದು ಕೆಲಸವನ್ನಾದರೂ ತಾನೇ ಮಾಡಿ ತೋರಿಸಬಲ್ಲ. ಆದರೆ ತಿಳಿಸದೆ ತಪ್ಪಿಸಿಕೊಂಡದ್ದರಿಂದ ಅವನ ಪಾಲಿನ ಇನ್ನೊಂದು ಕೆಲಸ ಬೇರೆಯವರ ಮೇಲೆ ಬಿದ್ದಿದೆ.' ಎರಡು ಸಲ ಓದಿದ. ಎರಡನೇ ಹಂತಕ್ಕೆ ಅವನ ಫೋಟೋ ಒಂದು ಅಂಟಿಸುವುದು ಬಾಕಿ ಇತ್ತು.

ಪಲ್ಲವಿಗೂ ಅವನಿಗೂ ಮೇಡಂ ಮತ್ತೆ ಚೀಟಿ ಕೊಟ್ಟರು. ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿ ಕೂತು ಬರೆದರು. ಎರಡು ಚೀಟಿಯಲ್ಲೂ ಎರಡೇ ಇತ್ತು.

"ಈಗ ವಾಕ್ಯ ಸರಿಯಾಯ್ತು," ಎಂದರು ಮೇಡಂ. ಹದಿನೈದು ಎಂದು ಬರೆದು, ಹಿಂದಿನ ಹದಿನಾಲ್ಕು ಸೇರಿಸಿ, ಇಪ್ಪತ್ತೊಂಬತ್ತು ಎಂದು ಕಂಡು, ಪೆನ್ನು ಕೆಳಗಿಟ್ಟರು. "ನನಗೆ ತುಂಬ ಬೇಜಾರಾಗ್ತಿದೆ ನಂಜುಂಡೇಶ್. ಒಂದು ಅಂಕ ಸೇರಿಸಿದ್ರೆ ನೀವು ಬರೆದದ್ದಕ್ಕೆ ಬೆಲೆ ಇರಲ್ಲ."

"ಬ್ಯಾಡಿ ಮೇಡಂ," ಎಂದ ನಂಜುಂಡೇಶ. ಪಲ್ಲವಿ ಕಿಟಕಿಯ ಆಚೆ ನೋಡುತ್ತಿದ್ದಳು.

ಸಂಜೆ ಅಂಗಡಿಗೆ ಹೋದಾಗ ದೊಡ್ಡಸಿದ್ದಯ್ಯ ಗಲ್ಲಾ ಪೆಟ್ಟಿಗೆಯ ಮುಂದೆ ಕೂತಿದ್ದರು. ಅಮೃತೇಶ್ ಹಿಂಡಿ ಮೂಟೆಗಳನ್ನು ಜೋಡಿಸುತ್ತಿದ್ದ.

"ಅಪ್ಪ, ವರ್ಷ ಹೋಯ್ತು," ಎಂದ ನಂಜುಂಡೇಶ. "ಒಂದು ಮಾರ್ಕ್ಸ್ ಕಮ್ಮಿ."

"ನಾ ಯೋಳಿರ್ಲಿಲ್ವಾ," ಎಂದ ಅಮೃತೇಶ್, ಮೂಟೆ ಇಳಿಸದೆಯೇ. "ನಾಳೆ ಆರು ಗಂಟೆಗೆ ಬಂದ್ಬುಡು."

"ಒಂದ್ ಮಾರ್ಕ್ಸಾ?" ದೊಡ್ಡಸಿದ್ದಯ್ಯನವರಿಗೆ ರೇಗಿತು. "ಯಾವಳು ಕಣ್ಲಾ ಅವ್ಳು ಮೇಡಂ, ಒಂದ್ ಮಾರ್ಕ್ಸಿಗೆ ಹುಡುಗ್ನ ವರ್ಸ ಕಳೆಯೋಳು? ನಡಿ ನಾಳಿಕೆ, ನಾನೇ ಬತ್ತೀನಿ ಕೇಳ್ತೀನಿ."

"ಮೇಡಂ ಅಲ್ಲ ಕಣಪ್ಪ. ಕಳೆದದ್ದು ನಾನೇ."

ತಂದೆಗೆ ಅರ್ಥವಾಗಲಿಲ್ಲ. ನಂಜುಂಡೇಶ ಬೂಸದ ಮೂಟೆಯ ಮೇಲೆ ಕೂತು ಮೊದಲಿಂದ ಹೇಳಿದ. ಚಾರ್ಟು, ಹಂತಗಳು, ಚೀಟಿಗಳು, ವಾಕ್ಯ ತಿದ್ದಿದ್ದು, ಏನೂ ಬಿಡಲಿಲ್ಲ. ಹೊಳೆಯ ಈಜನ್ನೂ ಹೇಳಿದ. ಅಮೃತೇಶ್ ಮೂಟೆ ಇಳಿಸಿ ಕೇಳುತ್ತ ನಿಂತ. ಮುಗಿದ ಮೇಲೆ ದೊಡ್ಡಸಿದ್ದಯ್ಯ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡು ಮಗನನ್ನು ನೋಡಿದರು.

"ಹಂಗಾರೆ ಆ ಸಾಲು ಬರ್ಯುವಾಗ ಯಾರೂ ಜತೇಲಿರ್ಲಿಲ್ವಾ?"

"ಇಲ್ಲ ಕಣಪ್ಪ. ನಾನೊಬ್ನೇ."

ದೊಡ್ಡಸಿದ್ದಯ್ಯ ದೊಡ್ಡ ಮಗನ ಕಡೆ ತಿರುಗಿದರು. "ಅಮೃತೇಶಾ, ನಾಳೆ ಇವ್ನು ಅಂಗ್ಡಿಗೆ ಬರದು ಬ್ಯಾಡ. ಹುಟ್ಟಿದ ಮ್ಯಾಲೆ ಇವ್ನು ಒಬ್ನೇ ಮಾಡಿರೋ ಕೆಲ್ಸ ಇದೊಂದೇ. ಇನ್ನೊಂದ್ ವರ್ಸ ಓದ್ಲಿ."